‘ನೀಡ್‌ಫುಲ್’ ಮಾಡಬೇಕಾದವರು ಯಾರು?

ಪೀಣ್ಯದ ಒಂದು ಸಣ್ಣ ಕಾರ್ಖಾನೆ ಅಂದುಕೊಳ್ಳಿ. ಬಿಡಿಭಾಗ ಕಳಿಸಿದವರ ಬಿಲ್ಲು ಬಂದಿದೆ. ಅಕೌಂಟ್ಸ್‌ನ ಹುಡುಗಿ ಅದನ್ನು ಪರ್ಚೇಸ್‌ಗೂ ಸ್ಟೋರ್ಸ್‌ಗೂ ಒಟ್ಟಿಗೇ ಮೇಲ್ ಮಾಡುತ್ತಾಳೆ, ಮ್ಯಾನೇಜರಿಗೆ ಒಂದು ಸಿಸಿ. ಮೇಲ್‌ನಲ್ಲಿ ಇರುವುದು ಇಷ್ಟೇ: ‘ಡಿಯರ್ ಸರ್, ಪಿಎಫ್‌ಎ ಇನ್‌ವಾಯ್ಸ್. ಕೈಂಡ್ಲಿ ಡೂ ದ ನೀಡ್‌ಫುಲ್ ಅಂಡ್ ರಿವರ್ಟ್ ಬ್ಯಾಕ್ ಅಟ್ ದಿ ಅರ್ಲಿಯೆಸ್ಟ್.’

ಆಕೆಗೆ ಬೇಕಾಗಿದ್ದದ್ದು ಜಿಆರ್‌ಎನ್ ನಂಬರು. ಮಾಲು ಬಂದು, ಎಣಿಸಿ, ಒಳಗೆ ತೆಗೆದುಕೊಂಡದ್ದಕ್ಕೆ ಸ್ಟೋರ್ಸ್‌ನವರು ಬರೆಯುವ ಚೀಟಿ ಅದು. ಅದಿಲ್ಲದೆ ಬಿಲ್ಲು ಪಾಸಾಗುವುದಿಲ್ಲ. ಸ್ಟೋರ್ಸ್‌ನವರು ಮೇಲ್ ಓದಿ, ಬಿಲ್ಲಿನ ವಿಷಯ ಪರ್ಚೇಸ್‌ನವರದ್ದು ಅಂತ ಸುಮ್ಮನಾದರು. ಪರ್ಚೇಸ್‌ನವರು ಆರ್ಡರ್ ತೆಗೆದು ನೋಡಿದರು, ದರ ಸರಿಯಾಗಿತ್ತು, ಇನ್ನು ದುಡ್ಡು ಕೊಡುವುದು ಅಕೌಂಟ್ಸ್ ಕೆಲಸ ಅಂದುಕೊಂಡರು. ಮ್ಯಾನೇಜರು ಸಿಸಿಯಲ್ಲಿದ್ದವರು, ಅವರು ಓದಿದರೇ ಹೆಚ್ಚು. ವಾರ ಕಳೆದ ಮೇಲೆ ‘ಜೆಂಟಲ್ ರಿಮೈಂಡರ್’ ಹೋಗುತ್ತದೆ. ಅದರಲ್ಲೂ ಜಿಆರ್‌ಎನ್ ಎಂಬ ಮಾತಿಲ್ಲ.

ಇಲ್ಲಿ ಯಾರೂ ಸೋಮಾರಿಗಳಲ್ಲ. ‘ನೀಡ್‌ಫುಲ್’ ಎಂದರೆ ಏನೆಂದು ಮೂವರೂ ಅವರವರಿಗೆ ತೋಚಿದಂತೆ ಊಹಿಸಿಕೊಂಡರು, ಅಷ್ಟೇ.

ಈ ನುಡಿಗಟ್ಟನ್ನು ಕಂಡರೆ ‘ತಪ್ಪು ಇಂಗ್ಲಿಷ್’ ಎಂದು ನಗುವವರಿದ್ದಾರೆ. ಆ ನಗು ನನಗೆ ಸರಿ ಕಾಣುವುದಿಲ್ಲ. ಇದು ನಾವು ಹುಟ್ಟಿಸಿದ್ದಲ್ಲ; ಹಿಂದೆ ಬ್ರಿಟನ್ನಿನ ವ್ಯಾಪಾರದ ಮತ್ತು ಕಚೇರಿಯ ಪತ್ರಗಳಲ್ಲೇ ಇತ್ತು. ಅಲ್ಲಿ ಮರೆಯಾಯಿತು, ನಮ್ಮ ಕಡತಗಳಲ್ಲಿ ಉಳಿಯಿತು. ಅಲ್ಲಿ ಮರೆಯಾಗಲು ಜನ ಶ್ರಮವನ್ನೂ ಪಟ್ಟಿದ್ದಾರೆ. ಸರ್ಕಾರಿ ನೌಕರರು ಬರೆಯುವ ಇಂಗ್ಲಿಷ್ ತಿಳಿಯಾಗಲಿ ಎಂದು ಬ್ರಿಟನ್ನಿನ ಖಜಾನೆ ಇಲಾಖೆ ಅರ್ನೆಸ್ಟ್ ಗೋವರ್ಸ್ ಎಂಬ ಹಿರಿಯ ಅಧಿಕಾರಿಯಿಂದ ಒಂದು ಕೈಪಿಡಿ ಬರೆಸಿತು. 1948ರಲ್ಲಿ ಬಂದ ಆ ‘ಪ್ಲೇನ್ ವರ್ಡ್ಸ್’ ಈಗಲೂ ಓದಲು ಸೊಗಸಾಗಿದೆ.

ನಾವು ಅದನ್ನು ಬಿಡದಿರುವುದಕ್ಕೆ ಅಭ್ಯಾಸವೊಂದೇ ಕಾರಣವಲ್ಲ, ಸಂಕೋಚವೂ ಇದೆ. ಹಿರಿಯ ಅಧಿಕಾರಿಗೆ ‘ಇಲ್ಲಿ ಸಹಿ ಹಾಕಿ, ಗುರುವಾರದೊಳಗೆ ಹಾಕಿ’ ಅಂತ ಬರೆದರೆ ಅಪ್ಪಣೆ ಮಾಡಿದಂತಾಗುತ್ತದೆ ಎಂಬ ಅಳುಕು. ಕನ್ನಡದಲ್ಲಾದರೆ ಆ ಅಳುಕಿಗೆ ದಾರಿಯಿದೆ. ‘ಮಾಡು’ ಬೇರೆ, ‘ಮಾಡಿ’ ಬೇರೆ, ‘ಮಾಡಿಕೊಡ್ತೀರಾ ಸಾರ್’ ಇನ್ನೂ ಬೇರೆ. ಮರ್ಯಾದೆಯೆಲ್ಲ ಕ್ರಿಯಾಪದದಲ್ಲೇ ಬಂದುಬಿಡುತ್ತದೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಆ ಸೌಕರ್ಯ ಇಲ್ಲದ್ದರಿಂದ ನಾವು ಮುಂದೆ ಒಂದು ‘ಕೈಂಡ್ಲಿ’ ಅಂಟಿಸಿ, ಕೆಲಸದ ಹೆಸರನ್ನೇ ನುಂಗಿಬಿಡುತ್ತೇವೆ. ಇಂಗ್ಲಿಷಿನಲ್ಲಿ ಗೌರವ ಕೂರುವ ಜಾಗ ಪ್ರಶ್ನೆ. ‘ಕುಡ್ ಯೂ ಪ್ಲೀಸ್’ ಅಂತ ಶುರುಮಾಡಿದರೆ ಎಷ್ಟು ನಿಖರವಾಗಿ ಕೇಳಿದರೂ ಅಪ್ಪಣೆ ಅನ್ನಿಸುವುದಿಲ್ಲ. ‘ಕೈಂಡ್ಲಿ’ಯಾದರೋ ಅಮೆರಿಕದವರ ಕಿವಿಗೆ ಎಷ್ಟೋ ಸಲ ಗದರಿಕೆಯಂತೆ ಕೇಳುತ್ತದೆ, ಹುಲ್ಲಿನ ಮೇಲೆ ನಡೆಯಬೇಡಿ ಎಂಬ ಬೋರ್ಡಿನ ಧಾಟಿ ಅದು.

ಹಾಗಾದರೆ ಅಕೌಂಟ್ಸ್‌ನವಳು ಏನು ಬರೆಯಬಹುದಿತ್ತು? ಮೊದಲು, ‘ಟು’ ಜಾಗದಲ್ಲಿ ಸ್ಟೋರ್ಸ್‌ನ ಒಬ್ಬರ ಹೆಸರು ಮಾತ್ರ, ಉಳಿದವರು ಸಿಸಿಗೆ. ಸಬ್ಜೆಕ್ಟ್ ಸಾಲಿನಲ್ಲಿ ‘ಇನ್‌ವಾಯ್ಸ್ 214: ಜಿಆರ್‌ಎನ್ ನಂಬರ್ ನೀಡೆಡ್ ಬೈ ಥರ್ಸ್‌ಡೇ’. ಒಳಗೆ, ‘ಡಿಯರ್ ಸರ್’ ಬದಲು ಅವರ ಹೆಸರು, ಆಮೇಲೆ ಹೀಗೆ: ‘ಇನ್‌ವಾಯ್ಸ್ 214 ಈಸ್ ಅಟ್ಯಾಚ್ಡ್. ಕುಡ್ ಯೂ ಪ್ಲೀಸ್ ಚೆಕ್ ದ ಕ್ವಾಂಟಿಟಿ ಅಂಡ್ ಸೆಂಡ್ ಮಿ ದ ಜಿಆರ್‌ಎನ್ ನಂಬರ್ ಬೈ 4 ಪಿಎಂ ಆನ್ ಥರ್ಸ್‌ಡೇ? ಐ ನೀಡ್ ಇಟ್ ಫಾರ್ ಫ್ರೈಡೇಸ್ ಪೇಮೆಂಟ್ಸ್. ಇಫ್ ದ ಮೆಟೀರಿಯಲ್ ಈಸ್ ಶಾರ್ಟ್, ಪ್ಲೀಸ್ ಟೆಲ್ ಮಿ ಅಂಡ್ ಐ ವಿಲ್ ಇನ್‌ಫಾರ್ಮ್ ದ ಸಪ್ಲೈಯರ್.’

ಮೊದಲಿನದ್ದಕ್ಕಿಂತ ಇದು ಉದ್ದ, ನಿಜ. ಆದರೆ ಓದಿದವರು ಮತ್ತೆ ಫೋನ್ ಮಾಡಿ ಕೇಳಬೇಕಾದ್ದೇನೂ ಉಳಿದಿಲ್ಲ. ಸೌಜನ್ಯ ಇರುವುದು ‘ಪ್ಲೀಸ್’ನಲ್ಲಿ ಮಾತ್ರ ಅಲ್ಲ ಎನ್ನುವುದನ್ನೂ ಗಮನಿಸಿ. ಗುರುವಾರವೇ ಏಕೆ ಎಂದು ಕಾರಣ ಕೊಟ್ಟಿದ್ದಾಳೆ. ಮಾಲು ಕಡಿಮೆ ಬಿದ್ದಿದ್ದರೆ ಮುಜುಗರವಿಲ್ಲದೆ ಹೇಳಲು ಅವರಿಗೆ ಜಾಗ ಬಿಟ್ಟಿದ್ದಾಳೆ. ಸರಬರಾಜುದಾರರು ನೋಂದಾಯಿತ ಸಣ್ಣ ಉದ್ದಿಮೆಯವರಾದರೆ ಕಾರಣ ಇನ್ನೂ ಗಟ್ಟಿ: 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ಒಪ್ಪಂದ ಏನೇ ಇದ್ದರೂ ಮಾಲು ಒಪ್ಪಿಕೊಂಡ 45 ದಿನ ಮೀರಿ ಹಣ ತಡೆಯುವಂತಿಲ್ಲ. ‘ಅಟ್ ದಿ ಅರ್ಲಿಯೆಸ್ಟ್’ ಎಂದು ನಾಲ್ಕು ಸಲ ಬರೆಯುವುದಕ್ಕಿಂತ ಆ ಕೊನೆಯ ದಿನಾಂಕವನ್ನೇ ಒಮ್ಮೆ ಬರೆದರೆ ಕೆಲಸ ಆಗುತ್ತದೆ.

‘ಡೂ ದ ನೀಡ್‌ಫುಲ್’ ತೆಗೆದು ‘ಟೇಕ್ ನೆಸೆಸರಿ ಆಕ್ಷನ್’ ಹಾಕುವವರೂ ಉಂಟು. ಅದರಿಂದ ಏನೂ ಬದಲಾಗದು. ‘ಚೆಕ್’, ‘ಅಪ್ರೂವ್’, ‘ಸೈನ್’, ‘ಸೆಂಡ್’, ಹೀಗೆ ಕೈಯಿಂದ ಮಾಡಬಹುದಾದ ಕೆಲಸದ ಹೆಸರು ಬರಬೇಕು.

ಇನ್ನು ‘ರಿವರ್ಟ್ ಬ್ಯಾಕ್’. ‘ಉತ್ತರಿಸು’ ಎಂಬ ಅರ್ಥದ ‘ರಿವರ್ಟ್’ ಭಾರತದ ಇಂಗ್ಲಿಷಿನದ್ದು ಎಂದು ನಿಘಂಟುಗಳೇ ದಾಖಲಿಸಿವೆ, ಸಿಂಗಪುರದ ಕಡೆಯೂ ಬಳಕೆಯಲ್ಲಿದೆ. ಹೊರಗಿನವರಿಗೆ ಅದು ‘ಮೊದಲಿದ್ದ ಸ್ಥಿತಿಗೆ ಮರಳು’. ಜೊತೆಗಿರುವ ‘ಬ್ಯಾಕ್’ ಯಾವ ಅರ್ಥದಲ್ಲೂ ಬೇಕಿಲ್ಲ. ನಮ್ಮೂರಿನ ಐಟಿಯವರಿಗೆ ಇದು ಬರೀ ವ್ಯಾಕರಣದ ತಕರಾರಲ್ಲ. ಪ್ರೋಗ್ರಾಮರುಗಳು ದಿನವಿಡೀ ಬಳಸುವ ಗಿಟ್‌ನಲ್ಲಿ `git revert` ಎಂದು ಕೊಟ್ಟರೆ ಹಿಂದೆ ಮಾಡಿದ ಬದಲಾವಣೆ ರದ್ದಾಗುತ್ತದೆ. ‘ಪ್ಲೀಸ್ ರಿವರ್ಟ್ ಆನ್ ದ ಪೇಮೆಂಟ್ ಪೇಜ್ ಚೇಂಜ್’ ಎಂದು ಬೆಂಗಳೂರಿನಿಂದ ಬರೆದವರು ಅಭಿಪ್ರಾಯ ಕೇಳಿರುತ್ತಾರೆ. ಆ ಕಡೆ ಓದಿದವರು ಬದಲಾವಣೆಯನ್ನೇ ಕಿತ್ತುಹಾಕಿದರೆ ಅವರನ್ನು ದೂರುವಂತಿಲ್ಲ. ‘ಪ್ಲೀಸ್ ರಿಪ್ಲೈ’, ‘ಪ್ಲೀಸ್ ಲೆಟ್ ಮಿ ನೋ’ ಇದ್ದೇ ಇವೆ. ‘ವಿಲ್ ರಿವರ್ಟ್’ ಎಂದು ನಾವೇ ಮಾತು ಕೊಡುವಾಗಲೂ ‘ಐ ವಿಲ್ ರಿಪ್ಲೈ ಬೈ ಮಂಡೇ ಈವ್ನಿಂಗ್’ ಎಂದರೆ ಆಚೆಯವರು ನೆಮ್ಮದಿಯಿಂದ ಇರುತ್ತಾರೆ.

ಯಾರ ಸಂಜೆ ಎಂಬುದನ್ನೂ ಹೇಳಬೇಕು. ಬೆಂಗಳೂರಿನ ಸಂಜೆ 6 ಗಂಟೆ ಎಂದರೆ ಬೇಸಿಗೆಯ ನ್ಯೂಯಾರ್ಕಿನಲ್ಲಿ ಬೆಳಗಿನ ಎಂಟೂವರೆ. ‘ಐಎಸ್‌ಟಿ’ ಎಂದು ಸೇರಿಸಿದರೂ ಅನುಮಾನ ಉಳಿಯಬಹುದು, ಐರ್ಲೆಂಡಿನವರೂ ಇಸ್ರೇಲಿನವರೂ ಅದೇ ಮೂರಕ್ಷರ ಬಳಸುತ್ತಾರೆ. ‘ಬೆಂಗಳೂರು ಟೈಮ್’ ಎಂದು ಬರೆದರೆ ಯಾರಿಗೂ ಗೊಂದಲವಿಲ್ಲ.

‘ಜೆಂಟಲ್ ರಿಮೈಂಡರ್’ ಎಂಬುದು ಮೆತ್ತಗಿರುತ್ತೇನೆ ಎಂದು ಸಾರಿಕೊಂಡೇ ಚುಚ್ಚುವ ಮಾತು. ಹಿಂದಿನ ಮೇಲ್ ಯಾವ ದಿನದ್ದು, ಯಾವ ಕೆಲಸ ನಿಂತಿದೆ ಎಂದು ಎರಡು ಸಾಲು ಬರೆದರೆ ಸಾಕು. ‘ಪಿಎಫ್‌ಎ’ಯಿಂದ ಅಂಥ ಅಪಾಯವೇನಿಲ್ಲ, ಒಳಗಿನವರಿಗೆ ನಡೆದೀತು.

ಕನ್ನಡದಲ್ಲೇ ಪತ್ರ ನಡೆಸುವ ಕಚೇರಿಗಳೂ ಇದರಿಂದ ಹೊರತಲ್ಲ. ‘ಸೂಕ್ತ ಕ್ರಮಕ್ಕಾಗಿ ಕಳುಹಿಸಿದೆ’ ಎಂದು ಷರಾ ಬರೆದ ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ‘ಸ್ಥಳ ಪರಿಶೀಲಿಸಿ 10ನೇ ತಾರೀಖಿನೊಳಗೆ ವರದಿ ಕೊಡುವುದು’ ಎಂದು ಬರೆದದ್ದಕ್ಕೆ ಉತ್ತರ ಬರಲೇಬೇಕಾಗುತ್ತದೆ. ಕೆಲವರು ಮೊದಲನೆಯದನ್ನೇ ಆರಿಸಿಕೊಳ್ಳುವುದು ಗೊತ್ತಿಲ್ಲದೆ ಅಲ್ಲ. ಹೊಣೆ ತನ್ನ ಮೇಲೆ ಬರದಿರಲಿ ಎಂದು. ಅಂಥವರಿಗೆ ಯಾವ ಕೈಪಿಡಿಯೂ ನಾಟುವುದಿಲ್ಲ. ಇನ್ನು ಕೆಲವೊಮ್ಮೆ ಏನು ಆಗಬೇಕೆಂದು ಬರೆಯುವವರಿಗೇ ತಿಳಿದಿರುವುದಿಲ್ಲ. ಆಗ ಮೇಲ್ ಬರೆಯುವುದನ್ನು ಬಿಟ್ಟು ಸ್ಟೋರ್ಸ್‌ಗೆ ಒಂದು ಫೋನ್ ಮಾಡಿ, ‘ಈ ಬಿಲ್ಲಿಗೆ ಇನ್ನೇನು ಬಾಕಿಯಿದೆ ಸಾರ್?’ ಎಂದು ಕೇಳುವುದೇ ಒಳ್ಳೆಯದು.