ಹರಿಗೋಲಿನ ಬೆನ್ನುಹತ್ತಿದ ಹೆಸರು

ಹಂಪಿಯಲ್ಲಿ ತುಂಗಭದ್ರೆ ದಾಟುವ ಹರಿಗೋಲಿನ ಹತ್ತು ಸೆಕೆಂಡಿನ ವಿಡಿಯೊ ನಿಮ್ಮಲ್ಲಿದೆ ಎಂದುಕೊಳ್ಳಿ. ‘ಹರಿಗೋಲು’ ಎಂಬ ಹೆಸರು ಅದರ ಮೇಲೆ ಕಾಣಬೇಕು, ಅದು ಹೋದಲ್ಲೆಲ್ಲ ಹೋಗಬೇಕು. ಸೆಕೆಂಡಿಗೆ 25 ಫ್ರೇಮ್ ಎಂದರೂ ಒಟ್ಟು 250 ಚಿತ್ರ. ಒಂದೊಂದರಲ್ಲೂ ಅಕ್ಷರವನ್ನು ಕೈಯಿಂದ ಸರಿಸುತ್ತ ಕೂರಲಾಗದು. ಅದಕ್ಕೇ ಮೋಷನ್ ಟ್ರ್ಯಾಕಿಂಗ್.

ಆಫ್ಟರ್ ಎಫೆಕ್ಟ್ಸ್ ತಂತ್ರಾಂಶದಲ್ಲಿ Track Motion ಒತ್ತಿದರೆ ಒಂದರೊಳಗೊಂದು ಎರಡು ಚೌಕಗಳೂ ನಡುವೆ ಒಂದು ಕೂಡುಗುರುತೂ ಬರುತ್ತವೆ. ಬೆನ್ನುಹತ್ತಬೇಕಾದ ಗುರುತು ಒಳಚೌಕದಲ್ಲಿರಬೇಕು. ಮುಂದಿನ ಫ್ರೇಮಿನಲ್ಲಿ ಅದನ್ನು ಎಲ್ಲಿ ಹುಡುಕಬೇಕೆಂಬುದನ್ನು ಹೊರಚೌಕ ಹೇಳುತ್ತದೆ. ಹೆಸರು ಅಂಟುವ ಜಾಗ ಕೂಡುಗುರುತಿನದು. ತಂತ್ರಾಂಶಕ್ಕೆ ಹರಿಗೋಲೆಂದರೇನೆಂದು ಗೊತ್ತಿಲ್ಲ. ಒಳಚೌಕದಲ್ಲಿದ್ದ ಚುಕ್ಕೆಗಳನ್ನು ಹೆಚ್ಚು ಹೋಲುವ ತುಣುಕು ಎಲ್ಲಿದೆ ಎಂದಷ್ಟೇ ಅದು ನೋಡುತ್ತದೆ.

ಹಾಗಾಗಿ ಗುರುತು ಆರಿಸುವುದರಲ್ಲೇ ಅರ್ಧ ಕೆಲಸವಿದೆ. ನೀರಿನ ಮೇಲಿನ ಹೊಳಪು ಕಣ್ಣಿಗೆ ಎದ್ದು ಕಾಣುತ್ತದೆ, ಆದರೆ ಮರುಕ್ಷಣಕ್ಕೆ ಇರುವುದಿಲ್ಲ. ಹರಿಗೋಲಿನ ಅಂಚು ವಾಸಿ ಎನ್ನುವಂತಿಲ್ಲ. ಅದು ತಿರುಗುತ್ತ ಸಾಗುವ ದೋಣಿ. ಈಗ ಎದುರಿಗಿದ್ದ ಅಂಚು ಸ್ವಲ್ಪ ಹೊತ್ತಿಗೆ ಆಚೆ ಬದಿ ಸೇರಿರುತ್ತದೆ. ಅಂಬಿಗ ಕೆಂಪು ರುಮಾಲು ಸುತ್ತಿದ್ದರೆ ಅದೇ ಒಳ್ಳೆಯ ಗುರುತು. ಇಲ್ಲೂ ಒಂದು ತೊಡಕಿದೆ. ಬಣ್ಣ ಬೇರೆಯಾದರೂ ರುಮಾಲಿನ ಮತ್ತು ನೀರಿನ ಬೆಳಕಿನ ಪ್ರಮಾಣ ಒಂದೇ ಇರಬಹುದು. ಬೆಳಕನ್ನಷ್ಟೇ ಅಳೆಯುವ Luminance ಆಯ್ಕೆಯಲ್ಲಿ ಆಗ ಎರಡೂ ಒಂದೇ ಬೂದು. RGB ಆರಿಸಿದರೆ ಬಣ್ಣವೂ ಲೆಕ್ಕಕ್ಕೆ ಬರುತ್ತದೆ.

ಹುಟ್ಟು ಬೀಸುವ ತೋಳು ನಡುವೆ ರುಮಾಲನ್ನು ಮರೆಮಾಡಿತೆನ್ನಿ. ಚೌಕ ತೋಳಿಗೇ ಅಂಟಿಕೊಂಡು ಪಕ್ಕಕ್ಕೆ ಹಾರುತ್ತದೆ, ಇದು ತಕ್ಷಣ ತಿಳಿಯುತ್ತದೆ. ಅದಕ್ಕಿಂತ ಕೆಟ್ಟದ್ದು ಚೌಕ ಫ್ರೇಮಿಗೆ ಕೂದಲೆಳೆಯಷ್ಟು ಜಾರುವುದು. ಕೊನೆಯ ಹೊತ್ತಿಗೆ ಹೆಸರು ದೋಣಿ ಬಿಟ್ಟು ನೀರಿನ ಮೇಲೆ ನಿಂತಿರುತ್ತದೆ. ಮೊದಲ ಫ್ರೇಮನ್ನೂ ಕೊನೆಯದನ್ನೂ ದೊಡ್ಡದು ಮಾಡಿ ಹೋಲಿಸಿದರೆ ಗೊತ್ತಾಗುತ್ತದೆ. ಆಗ ಸರಿಯಿದ್ದ ಕೊನೆಯ ಫ್ರೇಮಿಗೆ ಹಿಂತಿರುಗಿ, ಚೌಕವನ್ನು ಮತ್ತೆ ರುಮಾಲಿನ ಮೇಲೆ ಕೂರಿಸಿ, ಅಲ್ಲಿಂದ ಮುಂದಕ್ಕೆ ಓಡಿಸಬೇಕು. ಮರೆಯಾದ ನಾಲ್ಕಾರು ಫ್ರೇಮುಗಳನ್ನು ಕೈಯಿಂದ ಸರಿಮಾಡುವುದೇ ಲೇಸು.

ಸಿಕ್ಕ ದಾರಿಯನ್ನು ನೇರವಾಗಿ ಅಕ್ಷರಗಳಿಗೆ ಕೊಡಬೇಡಿ. Null Object ಎಂಬ, ತೆರೆಯ ಮೇಲೆ ಕಾಣದ ಪದರಕ್ಕೆ ಕೊಟ್ಟು ಅಕ್ಷರಗಳನ್ನು ಅದರ ಬೆನ್ನಿಗೆ ಕಟ್ಟಿ. ಆಮೇಲೆ ಹೆಸರನ್ನು ಎತ್ತರಕ್ಕೆ ಒಯ್ದರೂ ಅಕ್ಷರಶೈಲಿ ಬದಲಿಸಿದರೂ ಟ್ರ್ಯಾಕ್ ಕೆಡುವುದಿಲ್ಲ. ದೋಣಿ ಹತ್ತಿರ ಬಂದಂತೆ ಹೆಸರೂ ಹಿಗ್ಗಬೇಕೆಂದರೆ ಒಂದು ಗುರುತು ಸಾಲದು. ಎರಡರ ನಡುವಿನ ಅಂತರ ಬೇಕು. ನನ್ನ ಮಟ್ಟಿಗೆ ಹೆಸರು ಒಂದೇ ಗಾತ್ರದಲ್ಲಿದ್ದರೆ ಓದಲು ಸುಖ.

ಇನ್ನು ಚಿತ್ರೀಕರಣದ ಮಾತು. ಸಂಜೆಗತ್ತಲಲ್ಲಿ ಫೋನು ಶಟರ್ ವೇಗವನ್ನು ತಾನೇ ಇಳಿಸುತ್ತದೆ, ರುಮಾಲು ಬರೀ ಕೆಂಪು ಗೆರೆಯಾಗಿ ಕಲಸಿಹೋಗುತ್ತದೆ. ಹೆಸರು ಅಂಟಿಸುವ ಉದ್ದೇಶವಿದ್ದರೆ ಬೆಳಕಿರುವಾಗಲೇ, ಸೆಕೆಂಡಿನ 200ನೇ ಒಂದು ಭಾಗದಷ್ಟು ಶಟರ್ ಇಟ್ಟು ತೆಗೆಯಿರಿ.