ಅಂಗಡಿಯ ನೌಕರರಿಗೆ ಕಾಯಿಲೆಯ ರಜೆ

ಸಣ್ಣ ಅಂಗಡಿಗಳಲ್ಲಿ ಕಾಯಿಲೆಯ ರಜೆಗೆ ಬರಹದ ನಿಯಮ ಇರುವುದು ಅಪರೂಪ. ನೌಕರ ಯಜಮಾನರ ಮುಖ ನೋಡಿ ಕೇಳುತ್ತಾನೆ. ಯಜಮಾನರು ಆ ದಿನದ ವ್ಯಾಪಾರ ನೋಡಿ ಹೇಳುತ್ತಾರೆ. ಎರಡು ದಿನದ ಜ್ವರಕ್ಕೆ ಈ ಪದ್ಧತಿ ಹೇಗೋ ಸಾಗುತ್ತದೆ. ಒಬ್ಬಾತ ಎರಡು ಮೂರು ತಿಂಗಳು ಹಾಸಿಗೆ ಹಿಡಿದಾಗ ಮಾತ್ರ ತೊಡಕು ಬರುತ್ತದೆ. ಎಷ್ಟು ಸಂಬಳ ಕೊಡಬೇಕೆಂಬುದು ಯಜಮಾನರಿಗೆ ತಿಳಿಯದು. ತನ್ನ ಕೆಲಸ ಉಳಿದಿದೆಯೋ ಇಲ್ಲವೋ ಎಂಬುದು ನೌಕರನಿಗೆ ತಿಳಿಯದು. ಆದ್ದರಿಂದ ಎಲ್ಲರೂ ಆರೋಗ್ಯವಾಗಿರುವಾಗಲೇ ನಿಯಮವನ್ನು ಬರೆದಿಡಬೇಕು. ಬರೆಯುವಾಗ ಸಣ್ಣ ಕಾಯಿಲೆಗೊಂದು, ದೀರ್ಘ ಕಾಯಿಲೆಗೊಂದು ಎಂದು ಎರಡು ಭಾಗ ಮಾಡಬೇಕು.

ಉದಾಹರಣೆಗೆ ಆರು ಜನ ನೌಕರರಿರುವ ಒಂದು ಜವಳಿ ಅಂಗಡಿಯನ್ನು ತೆಗೆದುಕೊಳ್ಳೋಣ. ಒಬ್ಬೊಬ್ಬರ ಸಂಬಳ ತಿಂಗಳಿಗೆ 18,200 ರೂಪಾಯಿ. ವಾರದ ರಜೆಯನ್ನು ಬಿಟ್ಟು ತಿಂಗಳಿಗೆ 26 ಕೆಲಸದ ದಿನಗಳೆಂದು ಹಿಡಿದರೆ ದಿನಕ್ಕೆ 700 ರೂಪಾಯಿ ಆಯಿತು. ಈ ಲೆಕ್ಕವನ್ನೇ ನಿಯಮದ ಮೊದಲ ಸಾಲಿನಲ್ಲಿ ಬರೆಯುವುದು ಒಳ್ಳೆಯದು. ರಜೆಯ ನಡುವೆ ಬರುವ ವಾರದ ರಜೆಯನ್ನು ಕಾಯಿಲೆಯ ದಿನವೆಂದು ಎಣಿಸಬೇಕೆ ಎಂಬ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನು ಸಂಬಳದ ದಿನಗಳು. ನಮ್ಮ ರಾಜ್ಯದಲ್ಲಿ 1961ರಲ್ಲಿ ಆದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯು ಕಾಯಿಲೆ, ಅಪಘಾತ ಮೊದಲಾದ ಕಾರಣಗಳಿಗೆ ವರ್ಷಕ್ಕೆ 12 ದಿನ ಸಂಬಳ ಸಹಿತ ರಜೆಯನ್ನು ಗೊತ್ತುಮಾಡಿತು. ಇದಲ್ಲದೆ 20 ದಿನ ದುಡಿದದ್ದಕ್ಕೆ ಒಂದು ದಿನದಂತೆ ಗಳಿಕೆ ರಜೆಯೂ ಉಂಟು. ನಮ್ಮ ಅಂಗಡಿಯವರು ಈ 12 ದಿನವನ್ನೇ ಅಡಿಪಾಯ ಮಾಡಿಕೊಳ್ಳಲಿ. ಆರು ಜನರೂ ಹನ್ನೆರಡು ದಿನವನ್ನು ಪೂರ್ತಿ ಬಳಸಿದರೂ ವರ್ಷದ ಖರ್ಚು 50,400 ರೂಪಾಯಿ, ಅಂದರೆ ತಿಂಗಳಿಗೆ 4,200. ಇದಕ್ಕಿಂತ ಮೇಲೆ ಹೋಗಲಾರದು ಎಂದು ಮೊದಲೇ ತಿಳಿದಿದ್ದರೆ ಯಜಮಾನರಿಗೂ ರಜೆ ಕೊಡುವಾಗ ಕೈ ನಡುಗುವುದಿಲ್ಲ.

ಸರ್ಟಿಫಿಕೇಟಿನ ವಿಷಯಕ್ಕೆ ಬರೋಣ. ಒಂದು ದಿನದ ರಜೆಗೂ ಡಾಕ್ಟರ ಚೀಟಿ ತರಬೇಕೆಂದು ಕೆಲವರು ಹೇಳುತ್ತಾರೆ. ಇದರಿಂದ ಆಗುವುದೇನು? ತಲೆನೋವಿಗೆ ಮಲಗಿ ಎದ್ದರೆ ಸರಿಹೋಗುವವನು ಚೀಟಿಗಾಗಿ ದುಡ್ಡು ಕೊಟ್ಟು ಸಾಲಿನಲ್ಲಿ ಕೂರುತ್ತಾನೆ. ಇಲ್ಲವೆ ಜ್ವರವನ್ನು ಹೊತ್ತುಕೊಂಡೇ ಅಂಗಡಿಗೆ ಬಂದು ಇತರರಿಗೂ ಹಂಚುತ್ತಾನೆ. ಮೊದಲ ಎರಡು ದಿನಕ್ಕೆ ನೌಕರನ ಮಾತೇ ಸಾಕು ಎಂದು ಬರೆಯಿರಿ. ಅಂಗಡಿ ತೆರೆಯುವ ಮುನ್ನ ಆತ ಫೋನಿನಲ್ಲಿ ತಿಳಿಸಬೇಕು. ಮರಳಿ ಬಂದ ದಿನ ರಜೆಯ ಪುಸ್ತಕದಲ್ಲಿ ಒಂದು ಸಾಲು ಬರೆದು ರುಜು ಹಾಕಬೇಕು. ಮೂರನೆಯ ದಿನವೂ ಬರಲಾಗದಿದ್ದರೆ ಅಂದು ವೈದ್ಯರನ್ನು ಕಂಡು ಸರ್ಟಿಫಿಕೇಟು ಪಡೆಯಬೇಕು. ಅದರ ಚಿತ್ರವನ್ನು ಫೋನಿನಲ್ಲಿ ಕಳುಹಿಸಿದರೆ ಸದ್ಯಕ್ಕೆ ಸಾಕು. ಮೂಲಪತ್ರವನ್ನು ಮರಳಿದಾಗ ಕೊಡಬಹುದು.

ಆ ಪತ್ರದಲ್ಲಿ ಇರಬೇಕಾದದ್ದು ಇಷ್ಟು: ವೈದ್ಯರ ಹೆಸರು, ಅವರ ನೋಂದಣಿ ಸಂಖ್ಯೆ, ರೋಗಿಯನ್ನು ಪರೀಕ್ಷಿಸಿದ ತಾರೀಖು, ಯಾವ ದಿನದಿಂದ ಯಾವ ದಿನದವರೆಗೆ ವಿಶ್ರಾಂತಿ ಬೇಕೆಂಬುದು. ಪರೀಕ್ಷಿಸಿದ ತಾರೀಖನ್ನು ಮುಖ್ಯವಾಗಿ ನೋಡಬೇಕು. ಗುಣವಾಗಿ ಕೆಲಸಕ್ಕೆ ಬಂದ ಮೇಲೆ ಹಿಂದಿನ ಹತ್ತು ದಿನಗಳಿಗೆ ಬರೆಸಿ ತಂದ ಪತ್ರಕ್ಕೆ ಬೆಲೆ ಕಡಿಮೆ. ತಾನು ಕಾಣದ ಕಾಯಿಲೆಗೆ ವೈದ್ಯ ಹೇಗೆ ಸಾಕ್ಷಿಯಾದಾನು? ಸಂಶಯ ಬಂದಾಗ ನೌಕರನನ್ನು ಎಲ್ಲರೆದುರು ಪ್ರಶ್ನಿಸುವ ಅಗತ್ಯವಿಲ್ಲ. ತಾವು ಕೊಟ್ಟ ಸರ್ಟಿಫಿಕೇಟುಗಳ ವಿವರವನ್ನು ವೈದ್ಯರು ಒಂದು ರಿಜಿಸ್ಟರಿನಲ್ಲಿ ಬರೆದು ಪ್ರತಿಯನ್ನು ಇಟ್ಟುಕೊಳ್ಳಬೇಕೆಂದು 2002ರ ವೈದ್ಯಕೀಯ ನಡತೆಯ ನಿಯಮಗಳು ಹೇಳುತ್ತವೆ. ಪತ್ರ ಅವರೇ ಕೊಟ್ಟದ್ದು ಹೌದೇ ಎಂದಷ್ಟನ್ನು, ನೌಕರನಿಗೆ ತಿಳಿಸಿ, ವಿಚಾರಿಸಬಹುದು. ರೋಗದ ಹೆಸರನ್ನು ಕೆದಕುವುದು ಬೇಡ. ಪತ್ರದಲ್ಲಿ ಅದು ಇದ್ದರೆ ಯಜಮಾನರ ಬೀರುವಿನಲ್ಲಿ ಬೀಗದೊಳಗೆ ಇರಲಿ, ಗಲ್ಲಾಪೆಟ್ಟಿಗೆಯ ಮೇಲಲ್ಲ.

ಈಗ ದೀರ್ಘ ಕಾಯಿಲೆ. ಅಂಗಡಿಯ ಹಿರಿಯ ಮಾರಾಟಗಾರನಿಗೆ ಕ್ಷಯರೋಗ ಎಂದು ಗೊತ್ತಾಯಿತು ಎಂದು ಇಟ್ಟುಕೊಳ್ಳಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧಿ. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ. ತಪ್ಪದೆ ಔಷಧಿ ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವು ವಾರಗಳಲ್ಲೇ ಇತರರಿಗೆ ಹರಡುವ ಭಯ ಕಳೆಯುತ್ತದೆ. ಆದರೆ ನಿಶ್ಶಕ್ತಿಯಿಂದಾಗಿ ಈತ 65 ಕೆಲಸದ ದಿನ, ಅಂದರೆ ಎರಡೂವರೆ ತಿಂಗಳು, ಮನೆಯಲ್ಲಿರಬೇಕೆಂದು ವೈದ್ಯರು ಹೇಳಿದ್ದಾರೆ.

ಅಂಗಡಿಯ ನಿಯಮ ಹೀಗಿರಲಿ: ಮೊದಲು ಕಾಯಿಲೆಯ ರಜೆ, ಆಮೇಲೆ ನೌಕರ ಒಪ್ಪಿದರೆ ಗಳಿಕೆ ರಜೆ, ಆಮೇಲೆ 26 ದಿನ ಅರ್ಧ ಸಂಬಳ, ಅಲ್ಲಿಂದ ಮುಂದೆ ಸಂಬಳವಿಲ್ಲದ ರಜೆ. ಒಟ್ಟಿನಲ್ಲಿ ಆರು ತಿಂಗಳವರೆಗೆ ಕೆಲಸ ಆತನದೇ. ಈ ಮಾರಾಟಗಾರ ಹನ್ನೆರಡರಲ್ಲಿ ಎರಡು ದಿನವನ್ನು ಆಗಲೇ ಬಳಸಿದ್ದಾನೆ. ಉಳಿದ 10 ದಿನಕ್ಕೆ 7,000 ರೂಪಾಯಿ. ಗಳಿಕೆ ರಜೆ 15 ದಿನಕ್ಕೆ 10,500. ಅರ್ಧ ಸಂಬಳದ 26 ದಿನಕ್ಕೆ 9,100. ಒಟ್ಟು 51 ದಿನಕ್ಕೆ 26,600 ರೂಪಾಯಿ ಆಯಿತು. ಉಳಿದ 14 ದಿನಕ್ಕೆ ಸಂಬಳವಿಲ್ಲ. ಇದರಲ್ಲಿ ಮೊದಲ ಎರಡು ಮೊತ್ತಗಳು ಹೇಗೂ ಆತನ ಲೆಕ್ಕದಲ್ಲಿದ್ದ ರಜೆಗೆ ಸಂದದ್ದು. ದೀರ್ಘ ಕಾಯಿಲೆಯ ನಿಯಮದಿಂದ ಯಜಮಾನರಿಗೆ ಹೊಸದಾಗಿ ಬಿದ್ದ ಹೊರೆ 9,100 ರೂಪಾಯಿ ಮಾತ್ರ. ಪದರುಗಳನ್ನು ಗೊತ್ತುಮಾಡಿಕೊಂಡಿದ್ದರಿಂದ ಸಂಬಳ ಒಮ್ಮೆಲೇ ನಿಲ್ಲದೆ ಮೆಲ್ಲನೆ ಇಳಿಯುತ್ತದೆ; ಮನೆಯವರಿಗೆ ಬೇರೆ ದಾರಿ ನೋಡಿಕೊಳ್ಳಲು ಸಮಯ ಸಿಗುತ್ತದೆ.

ಆತನ ಜಾಗಕ್ಕೆ ಬರುವವನಿಗೆ ಇದು ಇಂತಿಷ್ಟು ಕಾಲದ ಕೆಲಸ ಎಂದು ಮೊದಲೇ ಬರೆದುಕೊಡಬೇಕು. ಇದನ್ನು ಮರೆತ ಕಡೆಗಳಲ್ಲಿ ಹಳಬ ಮರಳುವ ಹೊತ್ತಿಗೆ ಒಂದು ಕುರ್ಚಿಗೆ ಇಬ್ಬರಾಗಿರುತ್ತಾರೆ.

ಮರಳುವ ಮುನ್ನ ವೈದ್ಯರಿಂದ ತಿಳಿಯಬೇಕಾದದ್ದು ಎರಡು: ಇತರರ ನಡುವೆ ಕೆಲಸ ಮಾಡಬಹುದೇ, ಯಾವ ಕೆಲಸ ಕೂಡದು. ಬಟ್ಟೆಯ ಗಂಟು ಎತ್ತಬಾರದು, ಏಣಿ ಹತ್ತಬಾರದು ಎಂದರೆ ನಾಲ್ಕು ವಾರ ಅರ್ಧ ದಿನ ಬಿಲ್ಲು ಬರೆಯುವ ಕಡೆ ಕೂಡಿಸಬಹುದು. ದುಡಿದ ಅರ್ಧ ದಿನಕ್ಕೆ ಎಷ್ಟು ಸಂಬಳ ಎಂಬುದೂ ನಿಯಮದಲ್ಲೇ ಇರಲಿ. ಆರು ತಿಂಗಳಾದರೂ ಮರಳಲಾಗದಿದ್ದರೆ ಮೊದಲು ಹಗುರ ಕೆಲಸ ಇದೆಯೇ ಎಂದು ನೋಡಬೇಕು. ಅದೂ ಇಲ್ಲವಾದರೆ ಆತನನ್ನು ಕರೆದು ಮಾತನಾಡಿ, ಕಾರ್ಮಿಕ ಇಲಾಖೆಯವರನ್ನು ವಿಚಾರಿಸಿ, ಬಾಕಿಯನ್ನೆಲ್ಲ ಚುಕ್ತಾ ಮಾಡಿಯೇ ಮುಂದಿನ ಹೆಜ್ಜೆ ಇಡಬೇಕು. ಮನೆಗೆ ಒಂದು ಕಾಗದ ಕಳುಹಿಸಿ ಕೈ ತೊಳೆದುಕೊಳ್ಳಬಾರದು.

ನೌಕರರ ಸಂಖ್ಯೆ ಹತ್ತಕ್ಕೆ ಮುಟ್ಟಿದರೆ ಲೆಕ್ಕ ಬೇರೆಯಾಗುತ್ತದೆ. ಆಗ ಇ.ಎಸ್.ಐ. ವಿಮೆ ಅನ್ವಯಿಸುವ ಕಡೆ, ಸಂಬಳದ ಮಿತಿಯೊಳಗಿನ ನೌಕರನಿಗೆ, ವಂತಿಗೆ ಸರಿಯಾಗಿ ಕಟ್ಟಿದ್ದರೆ, ವರ್ಷಕ್ಕೆ 91 ದಿನದವರೆಗೆ ಸಂಬಳದ ನೂರಕ್ಕೆ 70ರಷ್ಟು ಸಿಗುತ್ತದೆ. ಕ್ಷಯದಂಥ ಕೆಲವು ದೀರ್ಘ ರೋಗಗಳಿಗೆ ಅದಕ್ಕೂ ಹೆಚ್ಚು ಕಾಲದ ನೆರವು ಉಂಟು. ಆರು ಜನರ ಅಂಗಡಿಗೆ ಆ ಆಸರೆ ತಾನಾಗಿ ಬರುವುದಿಲ್ಲ; ಅದಕ್ಕೆಂದೇ ಅರ್ಧ ಸಂಬಳದ ಆ 26 ದಿನಗಳು.

ಬರೆದದ್ದು ಒಂದು ಹಾಳೆಯನ್ನು ಮೀರಬೇಕಾಗಿಲ್ಲ. ‘ಸಂದರ್ಭ ನೋಡಿ ಯಜಮಾನರು ತೀರ್ಮಾನಿಸುವರು’ ಎಂಬ ಸಾಲು ಅದರಲ್ಲಿ ಎಲ್ಲಾದರೂ ನುಸುಳಿದ್ದರೆ ಅಲ್ಲಿ ನಿಯಮ ಇನ್ನೂ ಆಗಿಲ್ಲ ಎಂದೇ ತಿಳಿಯಬೇಕು. ಅದನ್ನು ಹೊಡೆದು ಹಾಕಿ, ಅಲ್ಲಿ ಒಂದು ದಿನದ ಲೆಕ್ಕವನ್ನೋ ರೂಪಾಯಿಯ ಲೆಕ್ಕವನ್ನೋ ಬರೆಯಿರಿ. ಆಮೇಲೆ ಆರು ಜನರಿಗೂ ಓದಿ ಹೇಳಿ, ಎಲ್ಲರ ರುಜು ಪಡೆದು, ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಕೊಡಿ.