ಕತ್ತರಿಸಿದ ಮಾತು, ಕಾಣದ ಕಟ್

ಪರದೆಯ ಮೇಲೆ ಒಬ್ಬರು ಮಾತಾಡುತ್ತಿದ್ದಾರೆ. ನಡುವೆ ಅವರ ತಲೆ ಗಕ್ಕನೆ ಎಡಕ್ಕೆ ಹಾರುತ್ತದೆ, ಮಡಿಲಲ್ಲಿದ್ದ ಕೈ ಗಲ್ಲದ ಮೇಲೆ ಬಂದು ಕೂತಿರುತ್ತದೆ. ಇದೇ ಜಂಪ್ ಕಟ್. ನಡುವಿನ ಮಾತು ತೆಗೆದು ಎರಡು ತುದಿ ಸೇರಿಸಿದ್ದಾರೆಂದು ನೋಡುವವರಿಗೆ ಆ ಕ್ಷಣವೇ ತಿಳಿಯುತ್ತದೆ. ಕ್ಯಾಮೆರಾದ ಕೋನ, ಚೌಕಟ್ಟು ಎರಡೂ ಇದ್ದ ಹಾಗೇ ಇದ್ದು, ಕೂತವರು ಮಾತ್ರ ಚೂರು ಸರಿದಿರುವುದರಿಂದಲೇ ಅದು ಕಣ್ಣಿಗೆ ಹೊಡೆಯುತ್ತದೆ.

ಚನ್ನಪಟ್ಟಣದ ಗೊಂಬೆ ಕೆಲಸಗಾರರೊಬ್ಬರ ಬಗ್ಗೆ 5 ನಿಮಿಷದ ಚಿತ್ರ ಮಾಡಬೇಕು, ಕೈಯಲ್ಲಿ 40 ನಿಮಿಷದ ಸಂದರ್ಶನವಿದೆ ಎಂದುಕೊಳ್ಳಿ. ಹೊಸಬರು ಚೆಂದದ ದೃಶ್ಯ ಆರಿಸುವುದರಿಂದ ಶುರು ಮಾಡುತ್ತಾರೆ. ಪಳಗಿದ ಸಂಕಲನಕಾರರು ಮೊದಲು ಮಾತನ್ನಷ್ಟೇ ಜೋಡಿಸುತ್ತಾರೆ. ಮುಖ ಎಷ್ಟು ಹಾರಿದರೂ ಆಗ ತಲೆಕೆಡಿಸಿಕೊಳ್ಳುವುದಿಲ್ಲ. ಇದಕ್ಕೆ ರೇಡಿಯೊ ಎಡಿಟ್ ಎನ್ನುತ್ತಾರೆ. ಕಣ್ಣು ಮುಚ್ಚಿ ಕೇಳಿದರೆ ಕಥೆ ನಿಲ್ಲಬೇಕು, ಅಷ್ಟೇ.

ಅವರು ಹೇಳಿದ್ದು ಹೀಗಿರಬಹುದು: “ನಮ್ಮಪ್ಪ ಇರೋವಾಗ ಬಣ್ಣದ ಅರಗು ಮನೇಲೇ ಮಾಡ್ಕೊತಿದ್ವಿ. ಆಗ ನಮ್ಮನೆ ಹಿಂದಿನ ಬೀದೀಲಿತ್ತು, ಅಲ್ಲಿ ನೀರಿಗೆ ತೊಂದ್ರೆ, ಅದಿರಲಿ ಬಿಡಿ. ಅರಿಶಿನ ಹಾಕಿದ್ರೆ ಹಳದಿ ಬರ್ತಿತ್ತು.” ನಡುವಿನ ಬೀದಿ, ನೀರು ನಮಗೆ ಬೇಡ. “ಮಾಡ್ಕೊತಿದ್ವಿ” ಎನ್ನುವಾಗ ದನಿ ಇಳಿದು ನಿಲ್ಲುತ್ತದೆ, ಅಲ್ಲಿ ಕತ್ತರಿಸಬಹುದು. “ಅರಿಶಿನ”ಕ್ಕೆ ಮೊದಲು ಅವರು ಎಳೆದುಕೊಂಡ ಉಸಿರನ್ನು ಉಳಿಸಬೇಕು. ಉಸಿರು ಕತ್ತರಿಸಿದರೆ ಮಾತು ಯಂತ್ರದ್ದಾಗುತ್ತದೆ. ಎರಡು ಉಸಿರು ಒಟ್ಟಿಗೆ ಬಿದ್ದರೆ ಎಂಥವರ ಕಿವಿಗೂ ಸಿಕ್ಕಿಬೀಳುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕುಂಟು. ನಾವು “ಅರಗು ಕಾಯಿಸಿ, ಬಣ್ಣ ಕಲಸಿ, ಎಳೆದು, ಕಡ್ಡಿ ಮಾಡಿ...” ಎಂದು ಪೋಣಿಸುತ್ತಲೇ ಹೋಗುತ್ತೇವೆ; ಪೂರ್ಣ ಕ್ರಿಯಾಪದ ಕೊನೆಗೆ ಬರುತ್ತದೆ. “ಕಲಸಿ” ಎಂಬಲ್ಲಿ ನಿಲ್ಲಿಸಿದರೆ ದನಿ ಮೇಲೇ ತೂಗಾಡುತ್ತದೆ. ಯಾವ ದೃಶ್ಯ ಹೊದಿಸಿದರೂ ಆ ತೂಗಾಟ ಮುಚ್ಚುವುದಿಲ್ಲ. ಹಾಗಾಗಿ ಸಂದರ್ಶನ ಮಾಡುವಾಗಲೇ “ಇನ್ನೊಂದು ಸಲ ಚಿಕ್ಕದಾಗಿ ಹೇಳ್ತೀರಾ?” ಎಂದು ಕೇಳಿಕೊಳ್ಳುವುದು ಜಾಣತನ.

ಮಾತು ಕೂತ ಮೇಲೆ ಹೊದಿಕೆ, ಅಂದರೆ ಕಟ್‌ಅವೇ ದೃಶ್ಯಗಳು. ಮಾತಿನ ಕಟ್ 7ನೇ ಸೆಕೆಂಡಿಗೆ ಬಂದಿದ್ದರೆ ಅಲ್ಲೇ ಒಂದು ಸೆಕೆಂಡಿನ ಚೂರು ಅಂಟಿಸಬಾರದು. ಅದು ತೇಪೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. 5ನೇ ಸೆಕೆಂಡಿಗೇ ಕೈಗಳನ್ನು ತೋರಿಸಿ: ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತುತ್ತಾರೆ, ಉಜ್ಜಿದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ಬರಿಸುವುದು. 12ನೇ ಸೆಕೆಂಡಿನ ಹೊತ್ತಿಗೆ ಮುಖಕ್ಕೆ ಮರಳಿದರೆ, ಅವರು ಕೂತ ಭಂಗಿ ಬದಲಾಗಿದ್ದರೂ ಯಾರೂ ಗಮನಿಸುವುದಿಲ್ಲ. ಆ ಎರಡು ದೃಶ್ಯಕ್ಕೂ ತಮ್ಮದೇ ಆದ ಮೊದಲು, ನಂತರ ಇರುವುದರಿಂದ ಕಣ್ಣಿಗೆ ಕೆಲಸ ಸಿಗುತ್ತದೆ. ಅರಿಶಿನದ ಮಾತು ನಡೆಯುವಾಗ ಕಡ್ಡಿ ಕೆಂಪಗಿದ್ದರೆ ಮಾತ್ರ ಕೆಟ್ಟಿತು.

ಲೇತಿನ ಸದ್ದನ್ನೂ ಸಣ್ಣಗೆ ಮಾತಿನ ಕೆಳಗೆ ಬಿಡಬಹುದು. ಆದರೆ ಸಂದರ್ಶನದ ಹೊತ್ತಿಗೆ ಯಂತ್ರ ನಿಂತಿರಲೇಬೇಕು. ಹಿಂದೆ ಅದು ಓಡುತ್ತಿದ್ದರೆ ಪ್ರತಿ ಕಟ್‌ನಲ್ಲೂ ಅದರ ಗುಂಯ್ ಒಡೆದು ಗುಟ್ಟು ರಟ್ಟಾಗುತ್ತದೆ. ಎಲ್ಲರನ್ನೂ ಸುಮ್ಮನೆ ಕೂರಿಸಿ ಕೋಣೆಯ ಮೌನವನ್ನು 30 ಸೆಕೆಂಡಾದರೂ ರೆಕಾರ್ಡ್ ಮಾಡಿಕೊಂಡಿದ್ದರೆ, ಮಾತುಗಳ ನಡುವಿನ ತೆರಪಿಗೆ ಅದನ್ನೇ ತುಂಬಬಹುದು.

ಹೊದಿಸಲು ದೃಶ್ಯವೇ ಇಲ್ಲದಿದ್ದರೆ ಚೌಕಟ್ಟಿನ ಅಳತೆ ಬದಲಿಸುವುದು ಒಂದು ದಾರಿ. 4ಕೆಯಲ್ಲಿ ಚಿತ್ರೀಕರಿಸಿ ಎಚ್‌ಡಿಯಲ್ಲಿ ಸಿದ್ಧಪಡಿಸುವುದಾದರೆ ಸ್ಪಷ್ಟತೆ ಕೆಡದೆ ದುಪ್ಪಟ್ಟಿನವರೆಗೆ ಹಿಗ್ಗಿಸಬಹುದು. ಬದಲಾವಣೆ ಎದ್ದು ಕಾಣುವಷ್ಟಿರಲಿ. ಶೇಕಡ 10ರಷ್ಟು ಹಿಗ್ಗಿಸಿದರೆ ಯಾರೋ ಕ್ಯಾಮೆರಾಗೆ ಎಡವಿದ ಹಾಗಿರುತ್ತದೆ.

ಎಲ್ಲವನ್ನೂ ಹೊದಿಸಲೂಬಾರದು. “ಮಗ ಈ ಕೆಲಸಕ್ಕೆ ಬರಲ್ಲ ಅಂದ್ಬಿಟ್ಟ” ಎನ್ನುವಾಗ ನಮಗೆ ಬೇಕಾದದ್ದು ಆ ಮುಖವೇ. ಆದ್ದರಿಂದ ಕತ್ತರಿಯ ಕೆಲಸವನ್ನೆಲ್ಲ ಅದಕ್ಕೆ ಮೊದಲೇ ಮುಗಿಸಿ, ಆ ಉತ್ತರವನ್ನು ಒಂದೇ ಉಸಿರಿಗೆ ಬಿಟ್ಟುಕೊಡಬೇಕು.

ಈ ಜಾಣ್ಮೆಯಿಂದ ಮೋಸವನ್ನೂ ಮಾಡಬಹುದೆನ್ನುವುದು ನನ್ನ ತಕರಾರು. “ನೆರವು ಬಂತು, ಆದ್ರೆ ನಮಗೆ ಮುಟ್ಟಲಿಲ್ಲ” ಎಂಬುದರಲ್ಲಿ ಹಿಂದಿನರ್ಧ ಕತ್ತರಿಸಿ ಮೇಲೆ ಬಣ್ಣದ ಬುಗುರಿ ತಿರುಗಿಸಿದರೆ, ಹೇಳಿದವರ ಹೊರತು ಬೇರೆ ಯಾರಿಗೂ ತಿಳಿಯದು. ಎರೋಲ್ ಮಾರಿಸ್ 2003ರ ‘ದಿ ಫಾಗ್ ಆಫ್ ವಾರ್’ನಲ್ಲಿ ಬೇರೆ ದಾರಿ ಹಿಡಿದರು. ಅಮೆರಿಕದ ಮಾಜಿ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರಾ ಮಾತಾಡುವಾಗ ಅನೇಕ ಕಡೆ ಜಂಪ್ ಕಟ್‌ಗಳನ್ನು ಮುಚ್ಚದೆ ಬಿಟ್ಟಿದ್ದಾರೆ. ಮಾತು ಎಲ್ಲೆಲ್ಲಿ ತುಂಡಾಗಿದೆಯೆಂದು ನೋಡುವವರೇ ಎಣಿಸಿಕೊಳ್ಳಬಹುದು.